ಕರುಳಿನ ಟಿಬಿಯೋ, ಕ್ರೋನ್ಸೋ? ಬಯಾಪ್ಸಿ ಡಬ್ಬಿಯಿಂದ ಎರಡನೇ ಸ್ಕೋಪಿಯವರೆಗೆ

ಶಿಡ್ಲಘಟ್ಟದಿಂದ ಬಂದಿದ್ದ ಹುಡುಗನ ಬಯಾಪ್ಸಿ ರಿಪೋರ್ಟಿನ ಕೊನೆಯ ಸಾಲಿನ ಅರ್ಥ ಇಷ್ಟು: "ಗ್ರ್ಯಾನುಲೋಮಾ, ಅಂದರೆ ರಕ್ಷಣಾ ಕಣಗಳ ಗಂಟು, ಕಾಣಿಸಿದೆ. ಟಿಬಿ ಇರಬಹುದು, ಕ್ರೋನ್ಸ್ ಕಾಯಿಲೆಯೂ ಇರಬಹುದು. ರೋಗಿಯನ್ನು ನೋಡಿ ತೀರ್ಮಾನಿಸಿ." ಅವರಮ್ಮ ಕೇಳಿದರು, "ಇಷ್ಟು ದುಡ್ಡು ಖರ್ಚು ಮಾಡಿ ಬೆಂಗಳೂರಲ್ಲಿ ಟೆಸ್ಟ್ ಮಾಡಿಸಿದ್ವಿ ಸಾರ್, ಅವರಿಗೇ ಗೊತ್ತಿಲ್ವಾ? ಅದೂ ಅಲ್ದೆ ಟಿಬಿ ಅಂದ್ರೆ ಕೆಮ್ಮು ಅಲ್ವಾ? ಇವನಿಗೆ ಕೆಮ್ಮೇ ಇಲ್ಲ."

ಎರಡೂ ಒಳ್ಳೆಯ ಪ್ರಶ್ನೆಗಳೇ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಡಾಕ್ಟರ್ ಆಗಿ ಕೆಲಸ ಮಾಡುವ ನನಗೆ ಇಂಥ ರಿಪೋರ್ಟ್ ಹಿಡಿದುಕೊಂಡು ಬರುವವರು ಹೊಸಬರಲ್ಲ. ಕರುಳಿನೊಳಗೆ ಕ್ಯಾಮೆರಾ ನಳಿಕೆ ಹಾಕಿ ನೋಡುವ ಸ್ಕೋಪಿ ಮಾಡಿದ ಡಾಕ್ಟರದ್ದಾಗಲಿ, ಸ್ಲೈಡ್ ನೋಡಿದವರದ್ದಾಗಲಿ ಇದರಲ್ಲಿ ತಪ್ಪೇನೂ ಇಲ್ಲ. ಈ ಎರಡು ಕಾಯಿಲೆಗಳು ಕರುಳಿನ ಒಂದೇ ಜಾಗದಲ್ಲಿ ಕೂರುತ್ತವೆ, ಒಂದೇ ಥರ ಹುಣ್ಣು ಮಾಡುತ್ತವೆ, ಮೈಕ್ರೋಸ್ಕೋಪಿನಲ್ಲೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಔಷಧಿ ಮಾತ್ರ ಪೂರ್ತಿ ಉಲ್ಟಾ. ಒಂದಕ್ಕೆ ಬ್ಯಾಕ್ಟೀರಿಯಾ ಕೊಲ್ಲಬೇಕು, ಇನ್ನೊಂದಕ್ಕೆ ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಬೇಕು. ಈ ದಾರಿಯಲ್ಲಿ ರೋಗಿ ಮತ್ತು ಮನೆಯವರು ಯಾವ ಹಂತದಲ್ಲಿ ಏನು ಕೇಳಬೇಕು, ಏನು ಮಾಡಬಾರದು ಅನ್ನುವುದನ್ನು ಈ ಹುಡುಗನ ಕೇಸ್ ಇಟ್ಟುಕೊಂಡೇ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಗೊಂದಲ ಎಲ್ಲಿಂದ ಶುರು

ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗ ಹೊಟ್ಟೆಯ ಬಲಭಾಗದಲ್ಲಿ, ಕೆಳಗೆ ಇದೆ. ಅಲ್ಲೊಂದು ವಾಲ್ವ್ ಇದೆ. ಊಟದ ರಸ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ರೋಗ ತಡೆಯುವ ಸಣ್ಣ ಸಣ್ಣ ಗ್ರಂಥಿಗಳೂ ಅಲ್ಲಿ ಜಾಸ್ತಿ. ಕಫದ ಜೊತೆ ನುಂಗಿದ ಟಿಬಿ ಬ್ಯಾಕ್ಟೀರಿಯಾಕ್ಕಾಗಲಿ, ರಕ್ತದಲ್ಲಿ ಹರಿದು ಬಂದದ್ದಕ್ಕಾಗಲಿ ಕೂರಲು ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಕ್ರೋನ್ಸ್ ಕೂಡ ತುಂಬ ಸಲ ಶುರುವಾಗುವುದು ಇಲ್ಲೇ. ಅದರಲ್ಲಿ ಬ್ಯಾಕ್ಟೀರಿಯಾ ಬಂದು ಅಂಟುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಐಬಿಡಿ ಅಂತ ಕರೆಯುವ ಕಾಯಿಲೆಗಳ ಗುಂಪಿನಲ್ಲಿ ಅದೂ ಒಂದು.

ಈ ತಲೆನೋವು ಇವತ್ತಿನದಲ್ಲ. 1913ರಲ್ಲಿ ಸ್ಕಾಟ್ಲೆಂಡಿನ ಸರ್ಜನ್ ಡಾಲ್ಝಿಯಲ್ ಇಂಥ ಕರುಳಿನ ಕೇಸುಗಳನ್ನು ಬರೆದಿಟ್ಟಾಗಲೇ, ನೋಡಲು ಟಿಬಿ ಹಾಗಿದೆ, ಆದರೆ ಟಿಬಿ ಅಲ್ಲ ಅನ್ನುವ ವಾದ ಎದ್ದಿತ್ತು. 1932ರಲ್ಲಿ ನ್ಯೂಯಾರ್ಕಿನ ಕ್ರೋನ್ ಮತ್ತು ಅವರ ಜೊತೆಯವರು ಅದನ್ನು ಬೇರೆ ಕಾಯಿಲೆ ಅಂತ ವಿವರಿಸಿದರು. ಟಿಬಿ ಅಪರೂಪವಾದ ದೇಶಗಳಲ್ಲಿ ಈಗ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ನಮ್ಮಲ್ಲಿ ಟಿಬಿ ಇದ್ದೇ ಇದೆ, ಕ್ರೋನ್ಸ್ ಕೂಡ ಮೊದಲಿಗಿಂತ ಜಾಸ್ತಿ ಕಾಣುತ್ತಿದೆ. ಹಾಗಾಗಿ ಹೆಚ್ಚು ಕಷ್ಟ ನಮಗೇ.

ಇಲ್ಲೊಂದು ಪಕ್ಕದ ಮಾತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಸಮೀಕ್ಷೆ ಮಾಡಿತ್ತು. ಟಿಬಿ ಸಂಶೋಧನೆಯಲ್ಲಿ ನಮ್ಮ ಕಡೆಯ ಹಳ್ಳಿಗಳ ಹೆಸರು ಆಗಲೇ ಸೇರಿಕೊಂಡಿತು. ಆದರೆ ಅಂಥ ಸಮೀಕ್ಷೆಗಳ ಸಾಮಾನು ಎದೆಯ ಎಕ್ಸ್‌ರೇ ಮತ್ತು ಕಫ. ಕರುಳಿನಲ್ಲಿ ಮಾತ್ರ ಟಿಬಿ ಇದ್ದವರು ಅದರಲ್ಲಿ ಸಿಗುವುದಿಲ್ಲ. ಟಿಬಿ ಅಂದರೆ ಕೆಮ್ಮು ಅನ್ನುವ ಲೆಕ್ಕ ಜನರ ತಲೆಯಲ್ಲಿ ಇವತ್ತಿಗೂ ಗಟ್ಟಿಯಾಗಿ ಕೂತಿದೆ.

ಮೊದಲ ಹಂತ: ನೋವಿನ ಲೆಕ್ಕ ಬರೆದಿಡಿ

ಹುಡುಗನಿಗೆ 28 ವರ್ಷ, ರೇಷ್ಮೆ ರೀಲಿಂಗ್ ಕೆಲಸ. ಐದು ತಿಂಗಳಲ್ಲಿ 54 ಕೆಜಿಯಿಂದ 46ಕ್ಕೆ ಇಳಿದಿದ್ದ. ಊಟ ಆಗಿ ಒಂದೆರಡು ಗಂಟೆಗೆ ಹೊಕ್ಕಳ ಸುತ್ತ ಹಿಂಡಿದ ಹಾಗೆ ನೋವು. "ಒಳಗೆ ಒಂದು ಚೆಂಡು ಉರುಳ್ತದೆ ಸಾರ್, ಬಲಗಡೆ ಹೋಗಿ ನಿಲ್ತದೆ, ಆಮೇಲೆ ಗುಡುಗುಡು ಅಂತ ಸದ್ದಾಗಿ ಬಿಟ್ಟುಹೋಗ್ತದೆ," ಅಂದ. ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ಕರುಳು ಒಂದು ಕಡೆ ಕಿರಿದಾಗಿದೆ, ಅದರ ಹಿಂದೆ ಗಾಳಿ ಮತ್ತು ಊಟ ಕಟ್ಟಿಕೊಂಡು, ಕೊನೆಗೆ ಹೇಗೋ ನುಸುಳಿ ಹೋಗುತ್ತಿದೆ ಅಂತ ಅರ್ಥ. ಜೊತೆಗೆ ಸಂಜೆ ಹೊತ್ತು ಸಣ್ಣ ಜ್ವರ ಇತ್ತು. ರಾತ್ರಿ ಬೆವರಿಗೆ ಬನಿಯನ್ ಒದ್ದೆಯಾಗುತ್ತಿತ್ತು.

ಅಷ್ಟರಲ್ಲಿ ಅವನಿಗೆ ಗ್ಯಾಸ್ಟ್ರಿಕ್ ಮಾತ್ರೆ ಆಗಿತ್ತು, ಜಂತುಹುಳದ ಮಾತ್ರೆ ಆಗಿತ್ತು, ಟೈಫಾಯ್ಡ್ ಅಂತ ಎರಡು ಸಲ ಟ್ರೀಟ್‌ಮೆಂಟೂ ಆಗಿತ್ತು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ತೂಕ ಎಷ್ಟು ತಿಂಗಳಲ್ಲಿ ಎಷ್ಟು ಇಳಿಯಿತು, ನೋವು ಊಟ ಆಗಿ ಎಷ್ಟು ಹೊತ್ತಿಗೆ ಬರುತ್ತದೆ, ಜ್ವರ ಇದೆಯಾ (ಥರ್ಮಾಮೀಟರ್ ಇಟ್ಟು ನೋಡಿ, ಮೈ ಬಿಸಿ ಅನ್ನುವುದು ಸಾಲದು), ಮಲದಲ್ಲಿ ರಕ್ತ ಬರುತ್ತದಾ, ಗುದದ್ವಾರದ ಹತ್ತಿರ ಕೀವು ಸೋರುವ ತೂತು ಏನಾದರೂ ಇದೆಯಾ. ಕೊನೆಯದನ್ನು ಹೇಳಲು ಜನ ನಾಚುತ್ತಾರೆ. ಆದರೆ ಈ ಗೊಂದಲ ಬಿಡಿಸುವುದರಲ್ಲಿ ಅದರ ಬೆಲೆ ದೊಡ್ಡದು. ಗುದದ ಹತ್ತಿರದ ಫಿಸ್ಟುಲಾ ಮತ್ತು ರಕ್ತ ಬೀಳುವುದು ಕ್ರೋನ್ಸ್ ಕಡೆ ವಾಲಿಸುತ್ತವೆ. ಜ್ವರ, ಬೆವರು, ಹೊಟ್ಟೆಯಲ್ಲಿ ನೀರು ತುಂಬುವುದು ಟಿಬಿ ಕಡೆ. ವಾಲಿಸುತ್ತವೆ ಅಷ್ಟೇ. ಇದನ್ನೇ ನಂಬಿ ಯಾರೂ ತೀರ್ಪು ಕೊಡಬಾರದು.

ಜೊತೆಗೆ ಎದೆಯ ಎಕ್ಸ್‌ರೇ ಮಾಡಿಸಿ. ಶ್ವಾಸಕೋಶದಲ್ಲಿ ಟಿಬಿ ಸಿಕ್ಕಿ, ಕಫದಲ್ಲಿ ಅದು ಖಚಿತವಾದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಎಕ್ಸ್‌ರೇ ಚೆನ್ನಾಗಿದೆ ಅಂದಮಾತ್ರಕ್ಕೆ ಕರುಳಿನ ಟಿಬಿ ಇಲ್ಲ ಅನ್ನುವ ಹಾಗಿಲ್ಲ. ಎಷ್ಟೋ ರೋಗಿಗಳಿಗೆ ಎದೆ ಪೂರ್ತಿ ಸರಿಯಾಗಿಯೇ ಇರುತ್ತದೆ. ನಮ್ಮ ಹುಡುಗನದ್ದೂ ಹಾಗೇ ಇತ್ತು. ಎಚ್‌ಐವಿ ಪರೀಕ್ಷೆಯನ್ನೂ ಇದೇ ಹೊತ್ತಿಗೆ ಮಾಡಿಸಿ ಮುಗಿಸಿಬಿಡಿ.

ಎರಡನೇ ಹಂತ: ಸ್ಕೋಪಿಗೆ ಮುಂಚೆ ಬಾಯಿಗೆ ಹಾಕಬಾರದ ಎರಡು ಮಾತ್ರೆಗಳು

ನನಗೆ ತುಂಬ ಸಿಟ್ಟು ಬರುವ ವಿಷಯ ಇದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಭೇದಿ ಅಂತ ಮೆಡಿಕಲ್ ಶಾಪಿಗೆ ಹೋದರೆ ಚೀಟಿ ಇಲ್ಲದೆ ಕೈಗೆ ಬರುವ ಮಾತ್ರೆ ಯಾವುದು? ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಸೇರಿದ್ದು. ಹೊಟ್ಟೆಯ ಎಲ್ಲ ರಗಳೆಗೂ ಅದೇ. ಇದರಲ್ಲಿರುವ ಆಫ್ಲಾಕ್ಸಾಸಿನ್, ಅದರ ಕುಟುಂಬದ ಲಿವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಇವೆಲ್ಲ ಟಿಬಿ ಬ್ಯಾಕ್ಟೀರಿಯಾದ ಮೇಲೂ ಕೆಲಸ ಮಾಡುತ್ತವೆ. ಐದಾರು ದಿನ ತಿಂದರೆ ಟಿಬಿ ವಾಸಿಯಾಗುವುದಿಲ್ಲ, ಆದರೆ ಕರುಳಿನಲ್ಲಿ ಮೊದಲೇ ಕಮ್ಮಿ ಇರುವ ಬ್ಯಾಕ್ಟೀರಿಯಾ ಇನ್ನೂ ಕಮ್ಮಿಯಾಗುತ್ತದೆ. ಆಮೇಲೆ ಬಯಾಪ್ಸಿ ತೆಗೆದರೆ, ಆ ತುಣುಕಿನಿಂದ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಪದೇ ಪದೇ ತಿಂದರೆ ಆ ಔಷಧಿಗೆ ಬಗ್ಗದ ಟಿಬಿ ಹುಟ್ಟುವ ಅಪಾಯ ಬೇರೆ. ಲಿವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಎರಡನ್ನೂ ಮಾಮೂಲಿ ಟಿಬಿ ಔಷಧಿಗೆ ಬಗ್ಗದವರಿಗೆ ಬೇಕು ಅಂತ ಕಾಪಾಡಿಕೊಳ್ಳಬೇಕು. ನಮ್ಮ ಹುಡುಗ ಆ ಭೇದಿ ಮಾತ್ರೆಯನ್ನು ಮೂರು ಸಲ ಕೋರ್ಸ್ ತಿಂದಿದ್ದ. ತಿಂದಾಗೆಲ್ಲ ನಾಲ್ಕು ದಿನ ಆರಾಮ ಆಗುತ್ತಿತ್ತಂತೆ.

ಎರಡನೆಯದು ಸ್ಟೀರಾಯ್ಡ್, ಅಂದರೆ ಪ್ರೆಡ್ನಿಸೋಲೋನ್ ಥರದ್ದು. ಕ್ರೋನ್ಸ್ ಇರಬಹುದು ಅಂತ ಊಹೆಯ ಮೇಲೆ ಶುರು ಮಾಡಿದರೆ ಹಸಿವು ಬರುತ್ತದೆ, ಜ್ವರ ಇಳಿಯುತ್ತದೆ, ನೋವೂ ಕಡಿಮೆಯಾಗುತ್ತದೆ. ಎಲ್ಲರಿಗೂ ಖುಷಿ. ಒಳಗೆ ಇರುವುದು ಟಿಬಿ ಆಗಿದ್ದರೆ, ಅದನ್ನು ಕಟ್ಟಿಹಾಕಿದ್ದ ದೇಹದ ಪಹರೆ ಸಡಿಲವಾಗುತ್ತದೆ. ಕೆಲವು ವಾರಗಳಲ್ಲಿ ಟಿಬಿ ಹೊಟ್ಟೆಯ ಪೊರೆಗೆ, ಶ್ವಾಸಕೋಶಕ್ಕೆ, ಕೆಲವರಿಗೆ ಮಿದುಳಿನವರೆಗೂ ಹರಡಬಹುದು. ಕ್ರೋನ್ಸ್‌ಗೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಇಂಜೆಕ್ಷನ್‌ಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಅದಕ್ಕೇ ಆ ಇಂಜೆಕ್ಷನ್ ಕೊಡುವ ಮುಂಚೆ ಟಿಬಿ ಹುಡುಕಲೇಬೇಕು ಅನ್ನುವ ನಿಯಮ ಇದೆ.

ಹಾಗಾಗಿ ಈಗಾಗಲೇ ತಿಂದಿದ್ದರೆ ಮುಚ್ಚಿಡಬೇಡಿ. ಮಾತ್ರೆ ಸ್ಟ್ರಿಪ್ಪನ್ನೇ ತಂದು ತೋರಿಸಿ. ಒಂದೇ ಎಚ್ಚರಿಕೆ: ವಾರಗಟ್ಟಲೆ ಸ್ಟೀರಾಯ್ಡ್ ತಿನ್ನುತ್ತಿರುವವರು ಇದನ್ನು ಓದಿ ನೀವಾಗಿಯೇ ಪಟ್ ಅಂತ ನಿಲ್ಲಿಸಬೇಡಿ, ಬಿಪಿ ಕುಸಿಯಬಹುದು. ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಮೂರನೇ ಹಂತ: ಎರಡು ಡಬ್ಬಿ

ಕೊಲೊನೋಸ್ಕೋಪಿಗೆ ಹಿಂದಿನ ದಿನ ಹೊಟ್ಟೆ ಖಾಲಿಯಾಗಲು ಪುಡಿ ಕಲಸಿದ ನೀರು ಲೀಟರ್‌ಗಟ್ಟಲೆ ಕುಡಿಸುತ್ತಾರೆ. ಹೊಟ್ಟೆ ಉಬ್ಬಿ ವಾಂತಿ ಆಗುತ್ತಿದ್ದರೆ, ಗಾಳಿಯೂ ಹೋಗದೆ ಕಟ್ಟಿಕೊಂಡಿದ್ದರೆ, ಆ ನೀರು ಕುಡಿಯುವ ಮುಂಚೆ ಫೋನ್ ಮಾಡಿ ಹೇಳಿ. ಕರುಳು ಕಟ್ಟಿಕೊಂಡಿರುವಾಗ ಅದು ಅಪಾಯ.

ಸ್ಕೋಪಿಯಲ್ಲಿ ಸಣ್ಣ ಕರುಳಿನ ತುದಿಯವರೆಗೂ ಹೋಗಿ ನೋಡಬೇಕು. ಹುಣ್ಣಿನ ಅಂಚಿನಿಂದಲೂ ತಳದಿಂದಲೂ ಹಲವು ತುಣುಕು ತೆಗೆಯಬೇಕು, ಸಾಮಾನ್ಯವಾಗಿ ಎಂಟು ಅಥವಾ ಅದಕ್ಕಿಂತ ಜಾಸ್ತಿ. ಒಂದೊಂದು ತುಣುಕೂ ರಾಗಿ ಕಾಳಿನಷ್ಟೇ ಇರುತ್ತದೆ. ಇಷ್ಟು ಸಣ್ಣದರಲ್ಲಿ ಒಂದೆರಡೇ ತೆಗೆದರೆ ಏನೂ ಸಿಗುವುದಿಲ್ಲ. ಟಿಬಿಯ ಗ್ರ್ಯಾನುಲೋಮಾ ಕರುಳಿನ ಮೇಲ್ಪದರಕ್ಕಿಂತ ಅದರ ಕೆಳಗಿನ ಪದರದಲ್ಲಿ ಜಾಸ್ತಿ ಇರುತ್ತದೆ. ಮೇಲೆ ಮೇಲೆ ಕೆರೆದರೆ ತಪ್ಪಿಹೋಗುತ್ತದೆ.

ಈಗ ನಾನು ಎಲ್ಲರಿಗೂ ಹೇಳುವ ಮಾತು. ತುಣುಕುಗಳು ಒಂದೇ ಡಬ್ಬಿಗೆ ಹೋಗಬಾರದು. ಅರ್ಧದಷ್ಟು ತುಣುಕು ಫಾರ್ಮಲಿನ್ ಇರುವ ಡಬ್ಬಿಗೆ ಹೋಗಬೇಕು, ಅದು ಮೈಕ್ರೋಸ್ಕೋಪಿನಲ್ಲಿ ನೋಡಲು. ಇನ್ನರ್ಧ ನಾರ್ಮಲ್ ಸಲೈನ್ ಇರುವ ಡಬ್ಬಿಗೆ. ಅದು ಟಿಬಿ ಕಲ್ಚರ್‌ಗೆ ಮತ್ತು ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಸಿಬಿ-ನ್ಯಾಟ್ ಪರೀಕ್ಷೆಗೆ. ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದರಲ್ಲಿ ಬಿದ್ದ ತುಣುಕಿನಿಂದ ಕಲ್ಚರ್ ಮಾಡಲು ಆಗುವುದೇ ಇಲ್ಲ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಟಿಬಿ ಹಿಡಿಯುವ ದೊಡ್ಡ ಅವಕಾಶ ಅಲ್ಲೇ ಕೈತಪ್ಪಿತು. ಮತ್ತೆ ಸ್ಕೋಪಿ, ಮತ್ತೆ ಆ ಪುಡಿ ನೀರು, ಮತ್ತೆ ದುಡ್ಡು.

ಸ್ಕೋಪಿ ರೂಮಿಗೆ ಹೋಗುವ ಮುಂಚೆ ಸುಮ್ನೆ ಒಂದು ಮಾತು ಕೇಳಿ: "ಡಾಕ್ಟ್ರೇ, ಟಿಬಿ ಕಲ್ಚರ್‌ಗೆ ಸಲೈನ್‌ನಲ್ಲೂ ಸ್ಯಾಂಪಲ್ ತೆಗೀತೀರಾ?" ಹೀಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಷ್ಟೋ ಕಡೆ ಡಬ್ಬಿಗಳನ್ನು ಒಂದು ಕವರ್‌ಗೆ ಹಾಕಿ ಮನೆಯವರ ಕೈಗೇ ಕೊಡುತ್ತಾರೆ, ಲ್ಯಾಬಿಗೆ ತಲುಪಿಸಿ ಅಂತ. ಆಗ ಡಬ್ಬಿಯ ಮೇಲಿನ ಚೀಟಿ ಓದಿ. ಹೆಸರು, ಯಾವ ಡಬ್ಬಿಯಲ್ಲಿ ಯಾವ ದ್ರವ, ಯಾವ ಪರೀಕ್ಷೆ ಅನ್ನುವುದು ಬರೆದಿರಬೇಕು. ಫಾರ್ಮಲಿನ್‌ಗೆ ಮೂಗು ಚುರ್ ಅನ್ನುವ ವಾಸನೆ, ಸಲೈನ್‌ಗೆ ವಾಸನೆ ಇಲ್ಲ. ಹಾಗಂತ ಮುಚ್ಚಳ ತೆಗೆದು ಮೂಸಿ ನೋಡಬೇಡಿ, ಅನುಮಾನ ಬಂದರೆ ನರ್ಸನ್ನು ಕೇಳಿ. ಸಲೈನ್ ಡಬ್ಬಿ ಅವತ್ತೇ ಲ್ಯಾಬ್ ಸೇರಬೇಕು. ಫಾರ್ಮಲಿನ್ ಡಬ್ಬಿ ಒಂದು ದಿನ ತಡವಾದರೂ ನಡೆಯುತ್ತದೆ. ಶನಿವಾರ ಮಧ್ಯಾಹ್ನ ಸ್ಕೋಪಿ ಮಾಡಿಸಿ, ಸೋಮವಾರ ಕೊಟ್ಟರಾಯಿತು ಅಂತ ಎರಡನ್ನೂ ಚಿಂತಾಮಣಿಗೆ ತೆಗೆದುಕೊಂಡು ಹೋದವರನ್ನು ನಾನು ನೋಡಿದ್ದೇನೆ.

ನಾಲ್ಕನೇ ಹಂತ: ರಿಪೋರ್ಟುಗಳನ್ನು ಹೇಗೆ ಓದುವುದು

ಸ್ಕೋಪಿಯ ಫೋಟೋಗಳಿಂದ ಶುರು ಮಾಡೋಣ. ಟಿಬಿ ಹುಣ್ಣು ಸಾಮಾನ್ಯವಾಗಿ ಕರುಳಿಗೆ ಅಡ್ಡಡ್ಡ, ಬಳೆಯ ಥರ ಸುತ್ತಿಕೊಂಡಿರುತ್ತದೆ. ಕ್ರೋನ್ಸ್ ಹುಣ್ಣು ಉದ್ದುದ್ದ ಇರುತ್ತದೆ, ಮಧ್ಯೆ ಮಧ್ಯೆ ಒಳ್ಳೆ ಜಾಗ ಬಿಟ್ಟು ಬೇರೆ ಬೇರೆ ಕಡೆ ಹರಡಿರುತ್ತದೆ. ವಾಲ್ವ್ ಹಾಳಾಗಿ ಬಾಯಿ ಬಿಟ್ಟುಕೊಂಡಿದ್ದರೆ ಟಿಬಿ ಅನುಮಾನ ಜಾಸ್ತಿ. ಗುದದವರೆಗೂ ಹುಣ್ಣು ಇದ್ದರೆ ಕ್ರೋನ್ಸ್ ಅನುಮಾನ ಜಾಸ್ತಿ. ನಮ್ಮ ಹುಡುಗನಿಗೆ ಸಣ್ಣ ಕರುಳಿನ ತುದಿಯಲ್ಲಿ ಒಂದು ಅಡ್ಡ ಹುಣ್ಣು, ಎರಡು ಉದ್ದ ಹುಣ್ಣು ಇದ್ದವು. ವಾಲ್ವ್ ಕಿರಿದಾಗಿತ್ತು. ನೋಡಿ, ಮೊದಲ ಫೋಟೋದಲ್ಲೇ ಎರಡೂ ಕಡೆಗೆ ಸಾಕ್ಷಿ.

ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ ಅಂದರೆ ರಕ್ಷಣಾ ಕಣಗಳು ಗುಂಪುಗಟ್ಟಿದ ಗಂಟು. ಅದು ಎರಡೂ ಕಾಯಿಲೆಯಲ್ಲಿ ಬರುತ್ತದೆ. ಟಿಬಿಯಲ್ಲಿ ಗಂಟುಗಳು ದೊಡ್ಡವು, ಸಂಖ್ಯೆಯಲ್ಲಿ ಜಾಸ್ತಿ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕ್ರೋನ್ಸ್‌ನಲ್ಲಿ ಸಣ್ಣವು, ಬಿಡಿಬಿಡಿ. ಗಂಟಿನ ಮಧ್ಯೆ ಸತ್ತು ಗಿಣ್ಣಿನ ಹಾಗಾದ ಭಾಗ ಕಂಡರೆ, ಅದನ್ನು ಕೇಸಿಯೇಷನ್ ಅನ್ನುತ್ತಾರೆ, ಟಿಬಿ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಅಷ್ಟು ಸಣ್ಣ ತುಣುಕಿನಲ್ಲಿ ಅದು ಬಹಳ ಜನರಿಗೆ ಸಿಗುವುದೇ ಇಲ್ಲ. ಎಷ್ಟೋ ಸಲ ಗ್ರ್ಯಾನುಲೋಮಾ ಕೂಡ ಸಿಗುವುದಿಲ್ಲ. ಹುಡುಗನ ರಿಪೋರ್ಟಿನಲ್ಲಿ ಗ್ರ್ಯಾನುಲೋಮಾ ಇತ್ತು, ಕೇಸಿಯೇಷನ್ ಇರಲಿಲ್ಲ.

ಸಿಬಿ-ನ್ಯಾಟ್ ಬಗ್ಗೆ ಜನರಿಗೆ ದೊಡ್ಡ ತಪ್ಪು ತಿಳುವಳಿಕೆ ಇದೆ. ಕಫದಲ್ಲಿ ಅದು ಒಳ್ಳೆ ಪರೀಕ್ಷೆ, ಯಾಕಂದರೆ ಕಫದಲ್ಲಿ ಬ್ಯಾಕ್ಟೀರಿಯಾ ದಂಡಿಯಾಗಿ ಇರುತ್ತದೆ. ಕರುಳಿನ ತುಣುಕಿನಲ್ಲಿ ಬಹಳ ಕಮ್ಮಿ. ಅಲ್ಲಿ ಪಾಸಿಟಿವ್ ಬಂದರೆ ನಂಬಬಹುದು, ರಿಫಾಂಪಿಸಿನ್‌ಗೆ ಬಗ್ಗುತ್ತದಾ ಇಲ್ಲವಾ ಅನ್ನುವುದೂ ಗೊತ್ತಾಗುತ್ತದೆ. ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅಲ್ಲವೇ ಅಲ್ಲ. ಕಲ್ಚರ್ ಕಥೆಯೂ ಅದೇ, ಜೊತೆಗೆ ತಡ ಬೇರೆ. ದ್ರವದಲ್ಲಿ ಬೆಳೆಸುವ ಕಲ್ಚರ್‌ನಲ್ಲಿ ನೆಗೆಟಿವ್ ಅಂತ ಬರೆಯುವ ಮುಂಚೆ 42 ದಿನ ಕಾಯುತ್ತಾರೆ. ಹುಡುಗನಿಗೆ ಸಿಬಿ-ನ್ಯಾಟ್ ನೆಗೆಟಿವ್ ಬಂತು. ಕಲ್ಚರ್‌ಗೆ ಕಾಯುತ್ತಾ ಕೂತೆವು.

ಹೊಟ್ಟೆಯ ಸಿಟಿ ಸ್ಕ್ಯಾನ್ ಇನ್ನೊಂದು ಕೋನ ಕೊಡುತ್ತದೆ. ಮಧ್ಯಭಾಗ ಕೊಳೆತ ದೊಡ್ಡ ಗ್ರಂಥಿಗಳು ಕಂಡರೆ ಟಿಬಿ ಕಡೆಗೆ ಬಲವಾದ ಸಾಕ್ಷಿ. ಇವನಿಗೆ ಗ್ರಂಥಿ ದಪ್ಪ ಆಗಿದ್ದವು, ಮಧ್ಯಭಾಗ ಮಾತ್ರ ಕೊಳೆತಿರಲಿಲ್ಲ.

ಒಂದೊಂದನ್ನೂ ನೋಡಿದರೆ ಯಾವುದೂ ಖಚಿತ ಇಲ್ಲ. ರೋಗಿಯ ಮನೆಯವರು ಇಲ್ಲಿ ತಾಳ್ಮೆ ಕಳೆದುಕೊಂಡು ಇನ್ನೊಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಗಳ ದೊಡ್ಡ ಪಟ್ಟಿ ಮಾಡಿಸುತ್ತಾರೆ. ಅದು ಬೇಡ. ಮಾಂಟೂ ಪರೀಕ್ಷೆ ಮತ್ತು ಇಗ್ರಾ ಅನ್ನುವ ರಕ್ತ ಪರೀಕ್ಷೆ ಹೇಳುವುದು ಒಂದೇ: ಟಿಬಿ ಬ್ಯಾಕ್ಟೀರಿಯಾ ಯಾವಾಗಲೋ ಮೈ ಸೇರಿದೆ. ನಮ್ಮ ದೇಶದಲ್ಲಿ ಆರೋಗ್ಯವಾಗಿರುವ ಎಷ್ಟೋ ಜನರಿಗೆ ಅದು ಪಾಸಿಟಿವ್ ಬರುತ್ತದೆ. ಕ್ರೋನ್ಸ್ ರೋಗಿಗೂ ಬರಬಹುದು. ಇನ್ನು ರಕ್ತದಲ್ಲಿ ಟಿಬಿ ಆ್ಯಂಟಿಬಾಡಿ ನೋಡುವ ಕಿಟ್‌ಗಳನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಅಂಥ ರಿಪೋರ್ಟ್ ಕೊಟ್ಟರೆ ಅದನ್ನು ಪಕ್ಕಕ್ಕಿಡಿ.

ಐದನೇ ಹಂತ: ಟಿಬಿ ಔಷಧಿ ಕೊಟ್ಟು ನೋಡುವುದು

ಹೀಗೆ ಎರಡೂ ಕಡೆ ಸಮ ಇದ್ದಾಗ ನಮ್ಮ ದೇಶದಲ್ಲಿ ಡಾಕ್ಟರುಗಳು ಸಾಮಾನ್ಯವಾಗಿ ಮೊದಲು ಟಿಬಿ ಔಷಧಿ ಶುರು ಮಾಡುತ್ತಾರೆ. ಇದರ ಹಿಂದೆ ಒಂದು ಲೆಕ್ಕ ಇದೆ. ಕ್ರೋನ್ಸ್ ರೋಗಿಗೆ ಎರಡು ತಿಂಗಳು ಟಿಬಿ ಔಷಧಿ ಕೊಟ್ಟರೆ ಸರಿಯಾದ ಚಿಕಿತ್ಸೆ ತಡವಾಗುತ್ತದೆ. ಟಿಬಿ ರೋಗಿಗೆ ಸ್ಟೀರಾಯ್ಡ್ ಕೊಟ್ಟರೆ ಜೀವಕ್ಕೇ ಸಂಚಕಾರ. ಹಾಗಂತ ತಡ ಅನ್ನುವುದು ಸಣ್ಣ ನಷ್ಟ ಅಲ್ಲ. ಆ ಹೊತ್ತಿನಲ್ಲಿ ಕ್ರೋನ್ಸ್ ಕರುಳನ್ನು ಕಿರಿದು ಮಾಡುತ್ತಾ ಹೋಗಬಹುದು. ಆದ್ದರಿಂದ ಔಷಧಿ ಕೊಟ್ಟು ನೋಡುವುದಕ್ಕೂ ಒಂದು ಗಡುವು ಇರಬೇಕು, ಅಳತೆ ಇರಬೇಕು. ಆರು ತಿಂಗಳು ನುಂಗು, ಆಮೇಲೆ ನೋಡೋಣ ಅನ್ನುವುದು ಸರಿಯಲ್ಲ.

ಹುಡುಗನ ತೂಕ 46 ಕೆಜಿ. ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ನಾಲ್ಕು ಔಷಧಿ ಸೇರಿದ ಒಂದೇ ಮಾತ್ರೆ ಬರುತ್ತದೆ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. 35ರಿಂದ 49 ಕೆಜಿಯವರಿಗೆ ದಿನಕ್ಕೆ ಮೂರು, 50ರಿಂದ 64 ಕೆಜಿಯವರಿಗೆ ನಾಲ್ಕು. ಎರಡು ತಿಂಗಳು ಇದು, ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಔಷಧಿ ನಾಲ್ಕು ತಿಂಗಳು. ಕರುಳಿನ ಟಿಬಿಗೆ ಒಟ್ಟು ಆರು ತಿಂಗಳು ಸಾಕು. ಮೊದಲೆಲ್ಲ ಒಂಬತ್ತು ತಿಂಗಳು ಕೊಡುವ ರೂಢಿ ಇತ್ತು. ಈಗ ಭಾರತದ ಮಾರ್ಗಸೂಚಿಯೇ ಆರು ತಿಂಗಳು ಅನ್ನುತ್ತದೆ.

ಬ್ಯಾಕ್ಟೀರಿಯಾ ಸಿಗದೆ ಡಾಕ್ಟರ್ ತೀರ್ಮಾನದ ಮೇಲೆ ಚಿಕಿತ್ಸೆ ಶುರು ಮಾಡಿದ ಟಿಬಿಯನ್ನೂ ಸರ್ಕಾರದ ಟಿಬಿ ನೋಂದಣಿ ಪೋರ್ಟಲ್ ಆದ ನಿಕ್ಷಯ್‌ನಲ್ಲಿ ನೋಂದಾಯಿಸಬೇಕು. ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ (2024ರ ನವೆಂಬರ್‌ಗೆ ಮುಂಚೆ 500 ಇತ್ತು). ಪ್ರೈವೇಟಿನಲ್ಲಿ ತೋರಿಸಿಕೊಳ್ಳುತ್ತಿದ್ದರೂ ಇದು ಸಿಗುತ್ತದೆ, ನಿಕ್ಷಯ್ ಐಡಿ ಕೇಳಿ ಪಡೆಯಿರಿ. ಬರೀ ಕರುಳಿನ ಟಿಬಿ ಉಸಿರಿನಿಂದ ಹರಡುವುದಿಲ್ಲ. ಎದೆ ಸರಿ ಇದ್ದರೆ ಮನೆಯಲ್ಲಿ ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ.

ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಹೆದರಬೇಡಿ. ಕಣ್ಣಿನ ಬಿಳಿ ಭಾಗ ಹಳದಿಯಾದರೆ, ಊಟ ಸೇರದೆ ಪದೇ ಪದೇ ವಾಂತಿಯಾದರೆ ಅದು ಲಿವರ್ ತೊಂದರೆ ಇರಬಹುದು. ಅವತ್ತಿನ ಮಾತ್ರೆ ನುಂಗದೆ ಅದೇ ದಿನ ಡಾಕ್ಟರನ್ನು ಕಾಣಿ. ಕುಡಿಯುವ ಅಭ್ಯಾಸ ಇದ್ದವರಿಗೆ ಈ ಅಪಾಯ ಜಾಸ್ತಿ. ಕಣ್ಣು ಮಂಜಾದರೆ, ಕೆಂಪು ಹಸಿರು ವ್ಯತ್ಯಾಸ ತಿಳಿಯದಿದ್ದರೆ ಅದು ಎಥಾಂಬುಟಾಲ್‌ನಿಂದ ಇರಬಹುದು, ಡಾಕ್ಟರಿಗೆ ತಕ್ಷಣ ಹೇಳಿ.

ಈ ಎರಡು ತಿಂಗಳು ಜೊತೆಯಲ್ಲಿ ಸ್ಟೀರಾಯ್ಡ್ ಸೇರಿಸಬಾರದು. ಸೇರಿಸಿದರೆ ಗುಣ ಕಂಡದ್ದು ಯಾವುದರಿಂದ ಅಂತ ಹೇಳಲು ಆಗುವುದಿಲ್ಲ, ಪರೀಕ್ಷೆಯೇ ಕೆಟ್ಟುಹೋಗುತ್ತದೆ.

ಆರನೇ ಹಂತ: ಎರಡನೇ ತಿಂಗಳಲ್ಲಿ ಮತ್ತೆ ಸ್ಕೋಪಿ

ಜನ ತಪ್ಪಿಸಿಕೊಳ್ಳುವುದು ಇದನ್ನೇ. "ಆರಾಮಾಗಿದ್ದೀನಲ್ಲ ಸಾರ್, ಮತ್ಯಾಕೆ?" ಅನ್ನುತ್ತಾರೆ. ಆರಾಮ ಅನ್ನುವುದು ಇಲ್ಲಿ ನಂಬಿಕೆಯ ಸಾಕ್ಷಿ ಅಲ್ಲ. ಕ್ರೋನ್ಸ್ ಇದ್ದವರಿಗೂ ಟಿಬಿ ಔಷಧಿಯಲ್ಲಿ ಮೊದಲ ಕೆಲವು ವಾರ ಸ್ವಲ್ಪ ಗುಣ ಕಾಣುವುದುಂಟು. ಕಾಯಿಲೆ ತಾನಾಗಿಯೇ ಏರಿ ಇಳಿಯುವುದೂ ಉಂಟು. ಕೇಳಬೇಕಾದದ್ದು ಒಂದೇ: ಹುಣ್ಣು ಒಣಗಿತಾ? ಟಿಬಿ ಆಗಿದ್ದರೆ ಎರಡು ಮೂರು ತಿಂಗಳಲ್ಲಿ ಹುಣ್ಣು ಒಣಗಲೇಬೇಕು. ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತದ ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅನ್ನುವುದೂ ಸಹಾಯ ಮಾಡುತ್ತದೆ. ಆದ್ದರಿಂದ ಶುರುವಿನಲ್ಲೇ ಒಂದು ಸಲ ಅಳೆದಿಟ್ಟುಕೊಂಡಿರಬೇಕು.

ಹುಡುಗನ ವಿಷಯದಲ್ಲಿ ಉಲ್ಟಾ ಆಯಿತು. ಎರಡು ತಿಂಗಳಲ್ಲಿ ಜ್ವರ ಹೋಗಿತ್ತು, ತೂಕ 49ಕ್ಕೆ ಬಂದಿತ್ತು, ಕಲ್ಚರ್ ನೆಗೆಟಿವ್ ಅಂತ ರಿಪೋರ್ಟೂ ಬಂದಿತ್ತು. ಆದರೆ ಊಟ ಆದಮೇಲಿನ ಹಿಂಡುವ ನೋವು ಹಾಗೇ ಇತ್ತು. "ಔಷಧಿ ಹಿಡಿದಿಲ್ಲ, ಹಾಗಾದರೆ ಇದು ಕ್ರೋನ್ಸೇ" ಅಂತ ಮನೆಯವರು ಅಂದುಕೊಂಡಿದ್ದರು. ಸ್ಕೋಪಿ ಮಾಡಿದರೆ ಅಡ್ಡ ಹುಣ್ಣೂ ಇಲ್ಲ, ಉದ್ದ ಹುಣ್ಣೂ ಇಲ್ಲ. ಗಾಯ ಮಾದು ಬಿಳಿ ಕಲೆ ಉಳಿದಿತ್ತು, ವಾಲ್ವ್ ಹತ್ತಿರ ಕರುಳು ಕಿರಿದಾಗಿಯೇ ಇತ್ತು. ಅಂದರೆ ಕಾಯಿಲೆ ಟಿಬಿಯೇ, ಅದು ಗುಣವಾಗುತ್ತಿದೆ. ನೋವು ಬರುತ್ತಿದ್ದದ್ದು ಗಾಯ ಮಾಯುವಾಗ ಬಿಗಿದುಕೊಂಡ ಜಾಗದಿಂದ. ಅದನ್ನು ಯಾವ ಟಿಬಿ ಮಾತ್ರೆಯೂ ಸಡಿಲ ಮಾಡಲಾರದು.

ಅದೇ ಸಮಯಕ್ಕೆ ಕೋಲಾರ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಅವರ ಶುರುವಿನ ರಿಪೋರ್ಟುಗಳೂ ಇವನ ಥರವೇ. ಎರಡು ತಿಂಗಳ ಟಿಬಿ ಔಷಧಿ ಆದಮೇಲೆ ಎರಡು ಕೆಜಿ ಜಾಸ್ತಿಯಾಗಿ ಖುಷಿಯಾಗಿದ್ದರು. ಸ್ಕೋಪಿಯಲ್ಲಿ ಹುಣ್ಣುಗಳು ಇದ್ದ ಹಾಗೇ ಇದ್ದವು, ಹೊಸದಾಗಿ ಎರಡು ಬೇರೆ. ಇಂಥ ಹೊತ್ತಿನಲ್ಲಿ ತಕ್ಷಣ ಕ್ರೋನ್ಸ್ ಅಂತ ಬರೆದುಬಿಡಬಾರದು. ಮೂರು ಪ್ರಶ್ನೆ ಕೇಳಬೇಕು. ಮಾತ್ರೆ ನುಂಗುವುದನ್ನು ನಡುನಡುವೆ ತಪ್ಪಿಸಿದರಾ? ಔಷಧಿಗೆ ಬಗ್ಗದ ಟಿಬಿ ಇರಬಹುದಾ? ಅದಕ್ಕೆ ಮತ್ತೆ ಸಲೈನ್ ಡಬ್ಬಿಗೆ ಸ್ಯಾಂಪಲ್ ಹೋಗಬೇಕು. ಕರುಳಿನ ಲಿಂಫೋಮಾ ಅಂದರೆ ಒಂದು ಬಗೆಯ ಕ್ಯಾನ್ಸರ್ ಇರಬಹುದಾ? ಅದಕ್ಕೆ ಫಾರ್ಮಲಿನ್ ಡಬ್ಬಿಗೆ. ಮೂರಕ್ಕೂ ಇಲ್ಲ ಅನ್ನುವ ಉತ್ತರ ಬಂದಮೇಲೆ ಅವರ ಟಿಬಿ ಔಷಧಿ ನಿಲ್ಲಿಸಿ, ಬೆಂಗಳೂರಿನ ಗ್ಯಾಸ್ಟ್ರೋ ಡಾಕ್ಟರ್ ಕ್ರೋನ್ಸ್ ಚಿಕಿತ್ಸೆ ಶುರು ಮಾಡಿದರು.

ಕಿರಿದಾದ ಕರುಳಿನ ಜೊತೆ ಬದುಕುವಾಗ

ಹುಡುಗ ಆರು ತಿಂಗಳು ಮಾತ್ರೆ ಮುಗಿಸುವವರೆಗೆ ಊಟದಲ್ಲಿ ಎಚ್ಚರ ವಹಿಸಬೇಕಾಯಿತು. ಅದು ಅವರೆಕಾಯಿ ಕಾಲ. ಸಿಪ್ಪೆ ಇರುವ ಅವರೆಕಾಳು, ಹುರುಳಿ, ನುಗ್ಗೆಕಾಯಿಯ ನಾರು, ಸೊಪ್ಪಿನ ದಂಟು, ನಾರಿರುವ ಮಾವು, ಇವೆಲ್ಲ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತವೆ. ಹಿಸುಕಿದ ಅವರೆಬೇಳೆ ಸಾರು ಚೆನ್ನಾಗಿ ಬೆಂದಿದ್ದರೆ ಸ್ವಲ್ಪ ತಿನ್ನಬಹುದು ಅಂದೆ. ಮುದ್ದೆ ಸಣ್ಣದಾಗಿ, ದಿನಕ್ಕೆ ಎರಡು ಹೊತ್ತಿನ ಬದಲು ನಾಲ್ಕು ಹೊತ್ತು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ಗಾಳಿಯೂ ನಿಂತುಹೋದರೆ ಅದು ಎಮರ್ಜೆನ್ಸಿ. ಬೆಳಗಾಗಲಿ ಅಂತ ಕಾಯಬೇಡಿ, ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ.

ಆರು ತಿಂಗಳು ಮುಗಿದಮೇಲೂ ಬಿಗಿತ ಬಿಡದಿದ್ದರೆ ಎರಡು ದಾರಿ ಇದೆ. ಬಿಗಿದ ಭಾಗ ಚಿಕ್ಕದಾಗಿದ್ದು ಸ್ಕೋಪಿಗೆ ಎಟುಕಿದರೆ ಬಲೂನ್ ಹಾಕಿ ಅಗಲ ಮಾಡಬಹುದು. ಇಲ್ಲದಿದ್ದರೆ ಆಪರೇಷನ್ ಮಾಡಿ ಆ ತುಂಡು ತೆಗೆಯುತ್ತಾರೆ. ಹುಡುಗನಿಗೆ ಬಲೂನಿನಲ್ಲೇ ಆಯಿತು, ಎರಡು ಸಲ ಮಾಡಬೇಕಾಯಿತು.

ಮನೆಯಲ್ಲಿ ಕಾದಿಡಬೇಕಾದದ್ದು ಇಷ್ಟು: ಎರಡೂ ಸ್ಕೋಪಿಯ ಬಣ್ಣದ ಫೋಟೋಗಳು, ಸಿಟಿ ಸ್ಕ್ಯಾನಿನ ಸಿಡಿ, ಬಯಾಪ್ಸಿ ನಂಬರ್, ನಿಕ್ಷಯ್ ಐಡಿ, ಔಷಧಿ ಶುರುವಾದ ಮತ್ತು ಮುಗಿದ ತಾರೀಖು. ತುಣುಕುಗಳನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಲ್ಯಾಬಿನಲ್ಲೇ ಇರುತ್ತದೆ. ಬೇರೆ ಕಡೆ ಅಭಿಪ್ರಾಯ ಬೇಕಾದಾಗ ಅದನ್ನು ಕೇಳಿ ಪಡೆಯಬಹುದು. ಔಷಧಿ ಮುಗಿದ ಒಂದೆರಡು ವರ್ಷದಲ್ಲಿ ಮತ್ತೆ ಹುಣ್ಣು ಕಾಣಿಸಿಕೊಂಡರೆ, ಮೊದಲು ಟಿಬಿ ಅಂದದ್ದೇ ತಪ್ಪಿತ್ತಾ, ಟಿಬಿ ಮರುಕಳಿಸಿತಾ ಅನ್ನುವ ಪ್ರಶ್ನೆ ಮತ್ತೆ ಏಳುತ್ತದೆ. ಆಗ ಹೊಸ ಡಾಕ್ಟರ್ ಮೊದಲು ಕೇಳುವುದು ಎರಡನೇ ತಿಂಗಳ ಸ್ಕೋಪಿಯ ಆ ಫೋಟೋವನ್ನೇ.